ಸ್ಕ್ರೈಬಸ್‌ನಿಂದ ಪ್ರೆಸ್ಸಿಗೆ ಪಿಡಿಎಫ್: ಐದು ವರ್ಷ ಬಳಸಿದ ಮೇಲೆ

ದುಡ್ಡು ಕೊಡದೆ ಸಿಗುವ ಪುಟವಿನ್ಯಾಸದ ತಂತ್ರಾಂಶ ಅಂದರೆ ಮೊದಲು ನೆನಪಾಗುವುದು ಸ್ಕ್ರೈಬಸ್. ನಾನು ಇದನ್ನು ಐದು ವರ್ಷದಿಂದ ಪುಸ್ತಕದ ಒಳಪುಟ, ಮುಖಪುಟಗಳಿಗೆ ಬಳಸುತ್ತಿದ್ದೇನೆ. ಮೊದಲು 1.5ರ ಸರಣಿ, 2024ರ ಜನವರಿಯಲ್ಲಿ 1.6 ಬಂದ ಮೇಲೆ ಅದು. ಟೇಬಲ್ ಮಾಡುವುದು ಇದರಲ್ಲಿ ತಲೆನೋವು, ದೊಡ್ಡ ಫೈಲಿನಲ್ಲಿ ಅನ್‌ಡೂ ಮಾಡಿ ಹಿಂದೆ ಹೋಗುವುದನ್ನು ನಂಬಿ ಕೂರುವ ಹಾಗಿಲ್ಲ, ಮೆನುಗಳ ಜಾಗ ಅಭ್ಯಾಸವಾಗಲು ಒಂದು ಪುಸ್ತಕವಾದರೂ ಬೇಕು. ಅದನ್ನೆಲ್ಲ ಬೇರೆಯವರು ಬರೆದಿದ್ದಾರೆ. ನಾನು ಹೇಳಹೊರಟಿದ್ದು ಕೊನೆಯ ಒಂದು ಹೆಜ್ಜೆಯ ಬಗ್ಗೆ ಮಾತ್ರ: `File > Export > Save as PDF...`. ಪ್ರೆಸ್ಸಿಗೆ ಹೋಗುವ ಫೈಲ್ ಹುಟ್ಟುವುದು ಅಲ್ಲಿ, ನನ್ನ ಎರಡು ದೊಡ್ಡ ಎಡವಟ್ಟುಗಳೂ ಅಲ್ಲೇ ಹುಟ್ಟಿದವು.

ಮೊದಲನೆಯದು ಬಣ್ಣದ್ದು. ನೂರಾ ಹನ್ನೆರಡು ಪುಟದ ಎ5 ಪುಸ್ತಕ. ಒಳಗೆ ಚಿತ್ರವಿಲ್ಲ, ಬರೀ ಅಕ್ಷರ. ಫೈಲ್ ಕಳಿಸಿದ ಮಾರನೆಯ ದಿನ ಪ್ರೆಸ್ಸಿನಿಂದ ಫೋನು.

"ಸಾರ್, ಒಳಗೆಲ್ಲ ಬರೀ ಕಪ್ಪು ಅಂದಿದ್ರಿ. ಕೆಲವು ಪುಟದಲ್ಲಿ ಅಕ್ಷರ ನಾಲ್ಕು ಪ್ಲೇಟಿಗೂ ಬರ್ತಿದೆಯಲ್ಲ?"

ಅಚ್ಚಿನಲ್ಲಿ ಶಾಯಿಗೊಂದು ಪ್ಲೇಟು, ಬರೀ ಕಪ್ಪಿಗೆ ಒಂದೇ ಸಾಕು. ನಾನು ಪಿಡಿಎಫ್ ತೆರೆದು ನೋಡಿದೆ. ಎಲ್ಲ ಪುಟವೂ ಒಂದೇ ಕಪ್ಪು. ಪರದೆಯಲ್ಲಿ ಕಣ್ಣಿಗೆ ಕಾಣುವಂಥ ವ್ಯತ್ಯಾಸ ಇಲ್ಲವೇ ಇಲ್ಲ. ಆಗಿದ್ದೇನೆಂದರೆ, ಮೂರು ಅಧ್ಯಾಯಗಳನ್ನು ಲೇಖಕರು ಕೊಟ್ಟ ಒಡಿಟಿ ಫೈಲಿನಿಂದ ನೇರವಾಗಿ ಎಳೆದುಕೊಂಡಿದ್ದೆ. ಆ ಫೈಲಿನಲ್ಲಿ ಅಕ್ಷರಕ್ಕೆ ಕಪ್ಪು ಅಂತ ಬಣ್ಣ ಕೊಟ್ಟಿದ್ದರು. ಸ್ಕ್ರೈಬಸ್ ಆ ಬಣ್ಣವನ್ನೂ ಜೊತೆಗೆ ತಂದುಕೊಂಡು ಪಟ್ಟಿಗೆ ಸೇರಿಸಿತು. ಅದು ಪರದೆಯ ಕಪ್ಪು, ಅಂದರೆ ಕೆಂಪು, ಹಸಿರು, ನೀಲಿ ಬೆಳಕಿನ ಆರ್‌ಜಿಬಿಯಲ್ಲಿ ಮೂರೂ ಸೊನ್ನೆ. ಸ್ಕ್ರೈಬಸ್‌ನದೇ ಆದ `Black` ಹಾಗಲ್ಲ, ಅದು ಅಚ್ಚಿನ ನಾಲ್ಕು ಶಾಯಿಗಳ ಸಿಎಂವೈಕೆಯಲ್ಲಿ ಕಪ್ಪು ಶಾಯಿ ಮಾತ್ರ ನೂರು, ಉಳಿದ ಮೂರೂ ಸೊನ್ನೆ. ಪ್ರೆಸ್ಸಿಗಾಗಿ ಎಕ್ಸ್‌ಪೋರ್ಟ್ ಮಾಡುವಾಗ ಆರ್‌ಜಿಬಿಯ ಕಪ್ಪನ್ನು ಬಣ್ಣದ ಪ್ರೊಫೈಲು, ಅಂದರೆ ಯಾವ ಕಾಗದಕ್ಕೆ ಎಷ್ಟು ಶಾಯಿ ಅನ್ನುವ ಲೆಕ್ಕದ ಫೈಲು, ಸಿಎಂವೈಕೆಗೆ ತಿರುಗಿಸುತ್ತದೆ. ಪ್ರೊಫೈಲಿನ ಲೆಕ್ಕದಲ್ಲಿ ಅತಿ ಗಾಢ ಕಪ್ಪು ಅಂದರೆ ನಾಲ್ಕೂ ಶಾಯಿ ಒಂದರ ಮೇಲೊಂದು. ಒಟ್ಟು ಶಾಯಿ ಶೇ 300 ದಾಟಿದರೂ ಆಶ್ಚರ್ಯವಿಲ್ಲ. ಹತ್ತು ಪಾಯಿಂಟಿನ ಅಕ್ಷರವನ್ನು ನಾಲ್ಕು ಪ್ಲೇಟಿನಿಂದ ಅಚ್ಚು ಹಾಕಿದರೆ, ಒಂದು ಪ್ಲೇಟು ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿಗೆ ಬಣ್ಣದ ನೆರಳು ಬೀಳುತ್ತದೆ. ಕನ್ನಡದ ಒತ್ತಕ್ಷರಗಳ ಒಳಗಿನ ಸಣ್ಣ ಬಿಳಿ ಜಾಗ ಮೊದಲು ಮುಚ್ಚಿಹೋಗುವುದು ಇಂಥ ಕಡೆಯೇ.

ಸರಿಪಡಿಸುವುದು ಐದು ನಿಮಿಷದ ಕೆಲಸ. `Edit` ಮೆನುವಿನಲ್ಲಿ ಬಣ್ಣಗಳ ಪಟ್ಟಿ ತೆರೆದು, ಒಳಗೆ ನುಸುಳಿದ ಆ ಬಣ್ಣವನ್ನು ಅಳಿಸಲು ಹೋದರೆ, ಇದು ಬಳಕೆಯಲ್ಲಿದೆ, ಬದಲಿಗೆ ಯಾವುದು ಬೇಕು ಅಂತ ಅದೇ ಕೇಳುತ್ತದೆ. `Black` ಅಂದರೆ ಪುಸ್ತಕದುದ್ದಕ್ಕೂ ಬದಲಾಗುತ್ತದೆ. ಆದರೆ ಅದೇ ಪಟ್ಟಿಯಲ್ಲಿರುವ `Registration` ಕೂಡ ಕಪ್ಪಾಗಿಯೇ ಕಾಣುತ್ತದೆ, ಅದನ್ನು ಆರಿಸಬೇಡಿ. ಅದು ಎಲ್ಲ ಪ್ಲೇಟಿಗೂ ನೂರಕ್ಕೆ ನೂರು ಬೀಳಲೆಂದೇ ಇರುವ ಬಣ್ಣ, ಗುರುತುಗಳಿಗೆ ಮಾತ್ರ. ಕಳ್ಳನನ್ನು ಹೊರಗೆ ಹಾಕಿ ದರೋಡೆಕೋರನನ್ನು ಕರೆದಂತಾದೀತು.

ಅವತ್ತಿನಿಂದ ಕಣ್ಣನ್ನು ನಂಬುವುದು ಬಿಟ್ಟೆ. ಪಿಡಿಎಫ್ ಆದ ತಕ್ಷಣ ಘೋಸ್ಟ್‌ಸ್ಕ್ರಿಪ್ಟ್‌ನಿಂದ ಇದನ್ನು ಓಡಿಸುತ್ತೇನೆ:

```
gs -o - -sDEVICE=inkcov olaputa.pdf
```

ಪುಟಕ್ಕೊಂದು ಸಾಲು ಬರುತ್ತದೆ. ಅವತ್ತಿನ ಫೈಲಿನಲ್ಲಿ ಸರಿಯಿದ್ದ ಪುಟ, ಕೆಟ್ಟ ಪುಟ ಹೀಗಿದ್ದವು:

```
 0.00000  0.00000  0.00000  0.06213 CMYK OK
 0.06188  0.06188  0.06188  0.06188 CMYK OK
```

ಅಂಕಿಗಳು ಕ್ರಮವಾಗಿ ಸಯಾನ್, ಮಜೆಂಟಾ, ಹಳದಿ, ಕಪ್ಪು. ಪುಟದ ಎಷ್ಟು ಭಾಗದಲ್ಲಿ ಆ ಶಾಯಿ ಇದೆ ಅನ್ನುವ ಲೆಕ್ಕ. ಶಾಯಿ ಎಷ್ಟು ದಟ್ಟ ಅನ್ನುವುದು ಇದರಲ್ಲಿ ತಿಳಿಯುವುದಿಲ್ಲ. ಒಂದೇ ಬಣ್ಣದ ಒಳಪುಟಕ್ಕೆ ಅಷ್ಟು ಸಾಕು: ಮೊದಲ ಮೂರು ಕಾಲಮ್ಮಿನಲ್ಲಿ ಸೊನ್ನೆ ಬಿಟ್ಟು ಬೇರೇನಾದರೂ ಕಂಡರೆ ಆ ಪುಟಕ್ಕೆ ವಾಪಸು ಹೋಗಬೇಕು. ಕೊನೆಯಲ್ಲಿರುವ `CMYK OK` ನೋಡಿ ಎಲ್ಲ ಸರಿ ಅಂದುಕೊಳ್ಳಬೇಡಿ, ಅದು ಎರಡೂ ಸಾಲಿನಲ್ಲಿದೆ.

ಪ್ರೊಫೈಲಿನ ವಿಷಯ. `File > Document Setup` ಒಳಗೆ ಕಲರ್ ಮ್ಯಾನೇಜ್‌ಮೆಂಟ್ ಚಾಲೂ ಮಾಡದಿದ್ದರೆ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಅಚ್ಚಿಗೆಂದೇ ಇರುವ ಪಿಡಿಎಫ್/ಎಕ್ಸ್ ಆಯ್ಕೆಗಳೇ ಸಿಗುವುದಿಲ್ಲ. ಹೊಸಬರು ತಂತ್ರಾಂಶ ಕೆಟ್ಟಿದೆ ಅಂತ ಬೈಯುವುದು ಇಲ್ಲೇ, ನಾನೂ ಬೈದಿದ್ದೆ. ಯಾವ ಪ್ರೊಫೈಲ್ ಅನ್ನುವುದನ್ನು ಪ್ರೆಸ್ಸಿನವರನ್ನೇ ಕೇಳಬೇಕು, ಏಕೆಂದರೆ ಅದು ಕಾಗದದ ಮೇಲೆ ನಿಂತಿದೆ. ಮಿರುಗುವ ಆರ್ಟ್ ಕಾಗದಕ್ಕೆ ನನಗೆ ಹೆಚ್ಚಾಗಿ ಹೇಳುವುದು `ISO Coated v2`, ಅಂದರೆ ಫೋಗ್ರಾ39. ಲೇಪನವಿಲ್ಲದ ಕಾಗದ ಶಾಯಿ ಹೀರಿಕೊಳ್ಳುವುದರಿಂದ ಅದಕ್ಕೆ `PSO Uncoated v3`, ಅಂದರೆ ಫೋಗ್ರಾ52, ಥರದ ಬೇರೆ ಪ್ರೊಫೈಲು. ಹಾಗಾಗಿ ಮುಖಪುಟ, ಒಳಪುಟ ಯಾವತ್ತೂ ಎರಡು ಬೇರೆ ಫೈಲು. ಡಾಕ್ಯುಮೆಂಟಿನಲ್ಲಿ ಸಿಎಂವೈಕೆಯ ಘನ ಬಣ್ಣಗಳಿಗೂ ಪ್ರಿಂಟರಿಗೂ ಒಂದೇ ಪ್ರೊಫೈಲ್ ಕೊಟ್ಟಿಡುತ್ತೇನೆ. ಬೇರೆ ಬೇರೆ ಕೊಟ್ಟರೆ ಶುದ್ಧ ಕಪ್ಪನ್ನೂ ಮತ್ತೆ ತಿರುಗಿಸುವ ನೆಪ ಸಿಕ್ಕಂತೆ. `Pre-Press` ಟ್ಯಾಬಿನಲ್ಲಿ `Info String` ಅಂತ ಒಂದು ಪೆಟ್ಟಿಗೆ ಇದೆ. ಪಿಡಿಎಫ್/ಎಕ್ಸ್‌ಗೆ ಅದು ಖಾಲಿ ಇದ್ದರೆ ಸೇವ್ ಬಟನ್ನೇ ಒತ್ತಲಾಗುವುದಿಲ್ಲ. ಯಾಕೆ ಅಂತ ಅದು ಬಾಯಿಬಿಟ್ಟು ಹೇಳಬಾರದೇ? ನಾನು ಪುಸ್ತಕದ ಹೆಸರು ತುಂಬಿ ಮುಂದೆ ಹೋಗುತ್ತೇನೆ.

ಎರಡನೆಯ ಎಡವಟ್ಟು ಕತ್ತರಿಸುವ ಗುರುತಿನದು, ಇದು ಇನ್ನೂ ಹಳೆಯ ಕಥೆ. ಆಗ ನನಗೆ `Pre-Press` ಟ್ಯಾಬ್ ಇರುವುದೇ ಗೊತ್ತಿರಲಿಲ್ಲ. ಎ5 ಪುಟ 148 × 210 ಮಿ.ಮೀ. ನಾನು 168 × 230ರ ಪುಟ ಮಾಡಿ, ನಡುವೆ ಎ5 ಇಟ್ಟು, ನಾಲ್ಕು ಮೂಲೆಗೆ ಸಣ್ಣ ಗೆರೆಗಳನ್ನು ನಾನೇ ಎಳೆದೆ. ನೋಡಲು ಅಚ್ಚುಕಟ್ಟು. ಆದರೆ ಪ್ರೆಸ್ಸಿನಲ್ಲಿ ಪುಟಗಳನ್ನು ದೊಡ್ಡ ಹಾಳೆಯ ಮೇಲೆ ಜೋಡಿಸುವ ತಂತ್ರಾಂಶ ಗೆರೆಗಳನ್ನು ನೋಡುವುದಿಲ್ಲ. ಅದು ನೋಡುವುದು ಪಿಡಿಎಫ್‌ನ ಒಳಗೆ ಬರೆದಿರುವ `TrimBox` ಅನ್ನುವ ಅಳತೆಯನ್ನು, ಕತ್ತರಿಸಿದ ಮೇಲೆ ಉಳಿಯುವ ಪುಟ ಎಲ್ಲಿಂದ ಎಲ್ಲಿಗೆ ಅನ್ನುವುದನ್ನು. ನನ್ನ ಫೈಲಿನಲ್ಲಿ ಅದು 168 × 230 ಅಂತಲೇ ಇತ್ತು. ಎಂಟು ಪುಟ ಕೂರಬೇಕಾದ ಹಾಳೆಯಲ್ಲಿ ಪುಟಗಳು ಕೂರಲೇ ಇಲ್ಲ. ಪ್ಲೇಟಿಗೆ ಹೋಗುವ ಮುಂಚೆ ಅವರು ಗಮನಿಸಿದ್ದು ನನ್ನ ಪುಣ್ಯ.

ಈಗ ಪುಟವನ್ನು ನಿಜವಾದ ಅಳತೆಯಲ್ಲೇ ಮಾಡುತ್ತೇನೆ, `Document Setup`ನಲ್ಲಿ ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸಿದಾಗ ಹೋಗುವ ಹೆಚ್ಚುವರಿ ಅಂಚು, ಕೊಡುತ್ತೇನೆ, ಅಂಚಿಗೆ ತಾಗುವ ಚಿತ್ರವನ್ನು ಬ್ಲೀಡಿನ ಕೊನೆಯವರೆಗೂ ಎಳೆಯುತ್ತೇನೆ. ಎಕ್ಸ್‌ಪೋರ್ಟಿನಲ್ಲಿ `Crop Marks` ಮತ್ತು `Use Document Bleeds`, ಇವೆರಡಕ್ಕೆ ಮಾತ್ರ ಗುರುತು. ಕಲರ್ ಬಾರ್ ಮುಂತಾದವನ್ನು ಪ್ರೆಸ್ಸಿನವರು ಅವರ ಹಾಳೆಯ ಮೇಲೆ ಹಾಕಿಕೊಳ್ಳುತ್ತಾರೆ, ನಾವು ಹಾಕಿದರೆ ಅವರಿಗೆ ಅಡ್ಡಿ. ಆಮೇಲೆ ಪಿಡಿಎಫ್ ಒಳಗಿನ ಅಳತೆಗಳನ್ನು ತೋರಿಸುವ `pdfinfo -box olaputa.pdf` ಓಡಿಸುತ್ತೇನೆ:

```
MediaBox:   0.00    0.00   476.54   652.28
TrimBox:   28.50   28.50   448.03   623.78
```

ಅಳತೆ ಪಾಯಿಂಟಿನಲ್ಲಿದೆ, ಇಂಚಿಗೆ 72. `TrimBox`ನ ಮೂರನೆಯ ಅಂಕಿಯಿಂದ ಮೊದಲನೆಯದನ್ನು ಕಳೆಯಿರಿ: 419.53, ಅಂದರೆ 148 ಮಿ.ಮೀ. ಎತ್ತರವೂ ಹಾಗೆಯೇ 595.28, ಅಂದರೆ 210. ಎರಡು ಸಾಲೂ ಒಂದೇ ಅಂಕಿ ತೋರಿಸಿದರೆ ನನ್ನ ಹಳೆಯ ತಪ್ಪನ್ನು ನೀವೂ ಮಾಡಿದ್ದೀರಿ.

ಮುಖಪುಟದಲ್ಲಿ ಸ್ಕ್ರೈಬಸ್ ಕೈಕೊಡುವ ಒಂದು ಜಾಗ ಇದೆ. ಹಿಂಬದಿ, ಬೆನ್ನು, ಮುಂಬದಿ ಸೇರಿ ಒಂದೇ ಅಗಲ ಪುಟ. ಬೆನ್ನು 9 ಮಿ.ಮೀ. ಇದ್ದರೆ 305 × 210. ಹೊರಗಿನ ನಾಲ್ಕು ಮೂಲೆಗೆ ಗುರುತು ತಾನಾಗಿ ಬರುತ್ತದೆ, ಆದರೆ ಬೆನ್ನು ಎಲ್ಲಿ ಮಡಿಯಬೇಕು ಅನ್ನುವ ಗುರುತು ಬರುವುದಿಲ್ಲ. ಬ್ಲೀಡಿನ ಆಚೆ ಗೆರೆ ಎಳೆದಿಟ್ಟರೆ ಅದನ್ನು ಕತ್ತರಿಸಿ ಬಿಸಾಡುತ್ತದೆ. ನನ್ನ ಉಪಾಯ: 148 ಮತ್ತು 157 ಮಿ.ಮೀ. ಜಾಗದಲ್ಲಿ, ಮೇಲೂ ಕೆಳಗೂ, ಆ 3 ಮಿ.ಮೀ. ಬ್ಲೀಡಿನೊಳಗೇ ಚಿಕ್ಕ ಗೆರೆ. ಬೈಂಡಿಂಗಿನವರಿಗೆ ಕಾಣುತ್ತದೆ, ಕಟಿಂಗಿನಲ್ಲಿ ಹೋಗುತ್ತದೆ. ಗೆರೆಯ ತುದಿ ಪುಟದೊಳಗೆ ಇಣುಕದಂತೆ ಅರ್ಧ ಮಿಲಿಮೀಟರು ಹೊರಗೇ ನಿಲ್ಲಿಸುತ್ತೇನೆ.

ಫಾಂಟಿನ ಮಟ್ಟಿಗೆ ದೂರು ಕಮ್ಮಿ. 1.4ರ ಕಾಲದಲ್ಲಿ ಯೂನಿಕೋಡ್ ಕನ್ನಡ ಇದರಲ್ಲಿ ಒಡೆದು ಚೂರಾಗುತ್ತಿತ್ತು, ಕಾಗುಣಿತ ಒಂದು ಕಡೆ, ಒತ್ತು ಒಂದು ಕಡೆ. ಈಗ ಒತ್ತಕ್ಷರ ಸರಿಯಾಗಿ ಕೂರುತ್ತದೆ. `Fonts` ಟ್ಯಾಬಿನಲ್ಲಿ ಎಲ್ಲ ಫಾಂಟನ್ನೂ ಒಳಗೆ ಸೇರಿಸುವ ಆಯ್ಕೆಯನ್ನೇ ಇಟ್ಟುಕೊಳ್ಳುತ್ತೇನೆ. `pdffonts` ಓಡಿಸಿ `emb` ಕಾಲಮ್ಮಿನಲ್ಲಿ ಎಲ್ಲ ಕಡೆ `yes` ಇದೆಯೇ ನೋಡಿದರೆ ಮುಗಿಯಿತು. ಇನ್ನೊಂದು ದಾರಿ ಅಕ್ಷರಗಳನ್ನೆಲ್ಲ ಗೆರೆಯಾಗಿ ಬದಲಿಸುವುದು. ಹಾಗೆ ಮಾಡಿದರೆ ಆ ಪಟ್ಟಿ ಖಾಲಿ ಬರುತ್ತದೆ, ಫಾಂಟಿನ ಜಗಳವೇ ಇಲ್ಲ. ಆದರೆ ಸಣ್ಣ ಅಕ್ಷರ ಕೆಲವು ಯಂತ್ರಗಳಲ್ಲಿ ತುಸು ದಪ್ಪ ಬರುತ್ತದೆ, ಕೊನೆಯ ಗಳಿಗೆಯಲ್ಲಿ ಪ್ರೆಸ್ಸಿನಲ್ಲೇ ಒಂದು ಅಕ್ಷರ ತಿದ್ದಲೂ ಆಗುವುದಿಲ್ಲ. ಮುಖಪುಟದ ಶೀರ್ಷಿಕೆಗೆ ಮಾಡುತ್ತೇನೆ, ಒಳಪುಟಕ್ಕೆ ಮಾಡುವುದಿಲ್ಲ. ಪಿಡಿಎಫ್‌ನಿಂದ ಕನ್ನಡ ನಕಲು ಮಾಡಿದರೆ ಅಕ್ಷರ ಹಿಂದುಮುಂದಾಗಿ ಬರುವುದನ್ನು ನೋಡಿ ಗಾಬರಿಯಾಗಬೇಡಿ, ಅಚ್ಚಿಗೆ ಅದರಿಂದ ಏನೂ ಆಗುವುದಿಲ್ಲ. ಓದುಗರಿಗೆ ಕೊಡುವ ಪಿಡಿಎಫ್ ಆದರೆ ಅದು ಬೇರೆ ತಲೆನೋವು.

ಐದಕ್ಕೆ ನಾಲ್ಕು ನಕ್ಷತ್ರ. ಕಳೆದ ಅರ್ಧ ಮಡಿಕೆಯ ಗುರುತಿಗೆ, ಇನ್ನರ್ಧ ಆ `Info String` ಪೆಟ್ಟಿಗೆಗೆ.