ಎಚ್ಚರಿಕೆ, ವಾಲ್ಯೂಮ್ ಮಿತಿ, ಡೆಸಿಬಲ್ ಮಿತಿ: ಇಯರ್‌ಫೋನಿಗೆ ಮೂರನ್ನೂ ಹಾಕಿ ನೋಡಿದೆ

ಧ್ವನಿಮುದ್ರಣ ಕೇಳಿ ಬರಹಕ್ಕಿಳಿಸುವುದು ನನ್ನ ಕೆಲಸ. ಸಂದರ್ಶನ, ಸಭೆಯ ಚರ್ಚೆ, ಹಳ್ಳಿಗಳಲ್ಲಿ ಯಾರೋ ಸಂಶೋಧಕರು ರೆಕಾರ್ಡ್ ಮಾಡಿ ತಂದ ಮಾತುಕತೆ ಎಲ್ಲವೂ ಫೋನಿಗೆ ಬರುತ್ತವೆ. ಇಯರ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತೇನೆ. ದಿನಕ್ಕೆ 6 ಗಂಟೆ, ವಾರಕ್ಕೆ 6 ದಿನ. ಇದರ ಮೇಲೆ ಬಿಎಂಟಿಸಿ ಬಸ್ಸಿನಲ್ಲಿ ಹೋಗಿ ಬರುವ ಒಂದೂವರೆ ಗಂಟೆ ಹಾಡು.

ಕಳೆದ ಮಳೆಗಾಲದಲ್ಲಿ ರಾತ್ರಿ ಮಲಗಿದಾಗ ಕಿವಿಯೊಳಗೆ ಸಣ್ಣಗೆ ಕುಂಯ್ ಎನ್ನತೊಡಗಿತು. ಬೆಳಿಗ್ಗೆ ಬಸ್ಸಿಳಿದು ಬಂದು ಕೂತ ಮೊದಲ ಅರ್ಧ ಗಂಟೆ ‘ಸ’ ಯಾವುದು ‘ಶ’ ಯಾವುದು ಎಂದು ಎರಡೆರಡು ಸಲ ಹಿಂದಕ್ಕೆಳೆದು ಕೇಳಬೇಕಾಯಿತು. ಶ್ರವಣ ಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ. ಆದರೆ ಪರೀಕ್ಷೆ ಮಾಡಿದವರು ಕೂರಿಸಿಕೊಂಡು ವಿವರಿಸಿದರು. ಜೋರು ಸದ್ದಿಗೆ ಒಳಕಿವಿಯ ಸೂಕ್ಷ್ಮ ಕೋಶಗಳು ಮೊದಲು ದಣಿಯುತ್ತವೆ, ಬಿಡುವು ಕೊಟ್ಟರೆ ಚೇತರಿಸಿಕೊಳ್ಳುತ್ತವೆ. ಅದೇ ಮತ್ತೆ ಮತ್ತೆ ಆದರೆ ಸಾಯುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಮೊದಲು ಪೆಟ್ಟು ತಿನ್ನುವುದು ಎತ್ತರದ ಸ್ವರಗಳನ್ನು ಹಿಡಿಯುವ ಕೋಶಗಳು. ‘ಸ’, ‘ಶ’ಗಳ ಗುರುತು ಇರುವುದು ಅಲ್ಲೇ. ನನ್ನ ಅನ್ನವೇ ಆ ಎರಡು ಅಕ್ಷರಗಳ ವ್ಯತ್ಯಾಸದಲ್ಲಿದೆ. ಹಾಗಾಗಿ ಫೋನಿನಲ್ಲಿ ಏನೇನು ರಕ್ಷಣೆ ಇದೆಯೋ ಅದನ್ನೆಲ್ಲ ಎರಡೆರಡು ವಾರ ಬಳಸಿ ನೋಡಿದೆ.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ಎಚ್ಚರಿಕೆ. ಸದ್ದು ಒಂದು ಗೆರೆ ದಾಟಿದಾಗ ‘ಹೆಚ್ಚು ಹೊತ್ತು ಜೋರಾಗಿ ಕೇಳಿದರೆ ಕಿವಿಗೆ ಹಾನಿ’ ಎಂದು ಬರುತ್ತದಲ್ಲ, ಅದು. ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ಒಮ್ಮೆ ಒಪ್ಪಿದರೆ, ಆ ಗೆರೆಗಿಂತ ಮೇಲೆ ಒಟ್ಟು 20 ಗಂಟೆ ಕೇಳುವವರೆಗೆ ಅದು ಮತ್ತೆ ಬರುವುದಿಲ್ಲ. ನನಗೆ ಅದು ಬಂದದ್ದು ಬಸ್ಸಿನಲ್ಲೇ, ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತಾಗ. ಓದದೆ OK ಒತ್ತಿದೆ. ಎಷ್ಟು ಹೊತ್ತು, ಎಷ್ಟು ಜೋರು ಎಂದು ಹೇಳದ ಎಚ್ಚರಿಕೆಯಿಂದ ನನಗೆ ಉಪಯೋಗವಾಗಲಿಲ್ಲ.

ಎರಡನೆಯದು ನನ್ನ ಸ್ಯಾಮ್‌ಸಂಗ್ ಫೋನಿನ ಮಿತಿ. Settings ಒಳಗೆ Sounds and vibration, ಅದರಲ್ಲಿ Volume, ಮೇಲಿನ ಮೂರು ಚುಕ್ಕಿ ಒತ್ತಿದರೆ Media volume limit ಸಿಗುತ್ತದೆ. ಗೆರೆಯನ್ನು ಬೇಕಾದಲ್ಲಿಗೆ ಎಳೆದು ಪಿನ್ ಹಾಕಬಹುದು. ಕೆಲಸದ ಕೋಣೆಯಲ್ಲಿ ಬಾಗಿಲು ಹಾಕಿ, ಮಾತು ಸ್ಪಷ್ಟವಾಗುವ ಅತಿ ಕಡಿಮೆ ಸದ್ದನ್ನು ಹುಡುಕಿ, ಅದಕ್ಕಿಂತ ಸ್ವಲ್ಪ ಮೇಲೆ ಗೆರೆ ಇಟ್ಟೆ. ಪಿನ್ ಅನ್ನು ತಂಗಿಯ ಕೈಯಲ್ಲಿ ಹಾಕಿಸಿದೆ. ಕೈ ತಾನಾಗಿ ಸದ್ದು ಏರಿಸುವ ಚಟಕ್ಕೆ ಇದು ಒಳ್ಳೆಯ ತಡೆ.

ಆದರೆ ಈ ಮಿತಿ ಅಳೆಯುವುದು ಗುಂಡಿಯ ಮೆಟ್ಟಿಲನ್ನು, ಕಿವಿಗೆ ಬೀಳುವ ಸದ್ದನ್ನಲ್ಲ. ಎಲ್ಲ ಇಯರ್‌ಫೋನುಗಳೂ ಒಂದೇ ಮೆಟ್ಟಿಲಿನಲ್ಲಿ ಒಂದೇ ಜೋರಿಗೆ ಹಾಡುವುದಿಲ್ಲ. ತಂತಿಯ ಇಯರ್‌ಫೋನಿಗೆ ಸರಿಯಾಗಿದ್ದ ಮಿತಿಯನ್ನು ನನ್ನ ಬ್ಲೂಟೂತ್ ನೆಕ್‌ಬ್ಯಾಂಡ್ ಸುಲಭವಾಗಿ ದಾಟಿತು, ಏಕೆಂದರೆ ಅದರದ್ದೇ ಬೇರೆ ವಾಲ್ಯೂಮ್ ಗುಂಡಿ ಇತ್ತು. ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ನೆಕ್‌ಬ್ಯಾಂಡಿನ ಗುಂಡಿ ಒತ್ತಿ ಫೋನಿನ ಪರದೆ ನೋಡಿ. ಅಲ್ಲಿನ ವಾಲ್ಯೂಮ್ ಗೆರೆಯೂ ಜೊತೆಗೆ ಸರಿದರೆ ಎರಡಕ್ಕೂ ಒಂದೇ ಲೆಕ್ಕ. ಗೆರೆ ಸರಿಯದೆ ಸದ್ದು ಮಾತ್ರ ಏರಿದರೆ ಫೋನಿನ ಮಿತಿ ಆ ನೆಕ್‌ಬ್ಯಾಂಡನ್ನು ಪೂರ್ತಿ ಕಟ್ಟಿಹಾಕಿಲ್ಲ ಎಂದರ್ಥ.

ಇನ್ನೊಂದು ತೊಡಕು ನನ್ನ ಕೆಲಸದ್ದೇ. ಹಳ್ಳಿಯ ಅಜ್ಜಿಯೊಬ್ಬರು ಮೈಕಿನಿಂದ ದೂರ ಕೂತು ಮಾತಾಡಿದ್ದ ಕಡತ ಬಂತು. ಮಿತಿಯೊಳಗೆ ಅವರ ಮಾತು ಕೇಳಿಸಲೇ ಇಲ್ಲ. ತಂಗಿಗೆ ಫೋನ್ ಮಾಡಿ ಪಿನ್ ಕೇಳಿ ಮಿತಿ ತೆಗೆದೆ. ಐದೇ ನಿಮಿಷಕ್ಕೆ ಮೈಕಿನ ಪಕ್ಕದಲ್ಲಿದ್ದ ಸಂದರ್ಶಕರು ಗಹಗಹಿಸಿ ನಕ್ಕರು. ಇಯರ್‌ಫೋನ್ ಕಿತ್ತೆಸೆದೆ.

ಮೂರನೆಯದನ್ನು ತಂಗಿಯ ಐಫೋನಿನಲ್ಲಿ ನೋಡಿದೆ. Settings, Sounds & Haptics, Headphone Safety, ಅಲ್ಲಿ Reduce Loud Audio (ಹಳೆಯ ಆವೃತ್ತಿಯಲ್ಲಿ Reduce Loud Sounds). ಇಲ್ಲಿ ಮಿತಿಯನ್ನು 75ರಿಂದ 100 ಡೆಸಿಬಲ್‌ವರೆಗೆ ಇಡಬಹುದು. ಗುಂಡಿಯನ್ನು ಕಟ್ಟುವ ಬದಲು ಇದು ಹೊರಬರುವ ಸದ್ದನ್ನೇ ನೋಡಿ, ಗೆರೆ ದಾಟಿದ್ದನ್ನು ತಗ್ಗಿಸುತ್ತದೆ. ಅಜ್ಜಿಯ ಅದೇ ಕಡತವನ್ನು 80ಕ್ಕೆ ಇಟ್ಟು ಕೇಳಿದೆ. ವಾಲ್ಯೂಮ್ ಏರಿಸಿ ಅವರ ಮಾತು ಹಿಡಿದೆ. ನಗು ಬಂದಾಗ ಅದು ಕಿವಿಗೆ ಹೊಡೆಯಲಿಲ್ಲ. ಮಾತು ಕೇಳುವ ಕೆಲಸಕ್ಕೆ ಮೂರರಲ್ಲಿ ಇದೇ ಉತ್ತಮ ಎಂದು ಎರಡು ಮಾತಿಲ್ಲದೆ ಹೇಳುತ್ತೇನೆ. ಆದರೆ ಆ್ಯಪಲ್, ಬೀಟ್ಸ್ ಬಿಟ್ಟು ಬೇರೆ ಇಯರ್‌ಫೋನ್ ಹಾಕಿದರೆ ಡೆಸಿಬಲ್ ಒಂದು ಅಂದಾಜು ಮಾತ್ರ.

ಅದೇ ಫೋನಿನ Control Centerಗೆ Hearing ಎಂಬ ಕಿವಿಯ ಗುರುತನ್ನು ಸೇರಿಸಿಕೊಂಡರೆ ಈ ಕ್ಷಣ ಎಷ್ಟು ಡೆಸಿಬಲ್ ಕೇಳುತ್ತಿದ್ದೇವೆ ಎಂದು ತೋರಿಸುತ್ತದೆ. ಇದನ್ನು ಹಿಡಿದು ನನ್ನ ವಾರವನ್ನು ಅಳೆದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಸರಳ: 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬಲ್ ಏರಿದಾಗಲೂ ಹೊತ್ತು ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಇಳಿದರೆ ಅದೇ ರೀತಿ ದುಪ್ಪಟ್ಟು.

ಕೋಣೆಯಲ್ಲಿ ನಾನು ಕೇಳುತ್ತಿದ್ದುದು ಸುಮಾರು 74. ಅದಕ್ಕೆ ವಾರಕ್ಕೆ 160 ಗಂಟೆ ಅವಕಾಶ. ನಾನು ಬಳಸಿದ್ದು 36, ಅಂದರೆ ಕಾಲು ಪಾಲೂ ಇಲ್ಲ. ಬಸ್ಸಿನಲ್ಲಿ, ಕಿವಿಯನ್ನು ಮುಚ್ಚದ ಬಿಳಿ ತಂತಿಯ ಇಯರ್‌ಫೋನಿನಲ್ಲಿ, ಎಂಜಿನ್ ಸದ್ದಿನ ಮೇಲೆ ಹಾಡು ಕೇಳಲು 89ಕ್ಕೆ ಏರಿಸುತ್ತಿದ್ದೆ. 5 ಗಂಟೆಯ ಅವಕಾಶಕ್ಕೆ 9 ಗಂಟೆ ಕೇಳುತ್ತಿದ್ದೆ. 36 ಗಂಟೆಯ ಕೆಲಸವನ್ನು ಇಷ್ಟು ದಿನ ಬೈದುಕೊಂಡಿದ್ದೆ. ಕಿವಿಯನ್ನು ತಿಂದದ್ದು ಬಸ್ಸು.

ಬಸ್ಸಿನಲ್ಲಿ ಬರೀ ಮಿತಿ ಹಾಕಿದರೆ ಹಾಡು ಎಂಜಿನ್ನಿನಲ್ಲಿ ಮುಳುಗುತ್ತದೆ, ಎರಡನೇ ದಿನ ಮಿತಿ ತೆಗೆಯುತ್ತೇವೆ. ಹೊರಗಿನ ಸದ್ದನ್ನು ಮೊದಲು ತಡೆಯಬೇಕು. ಕಿವಿಯೊಳಗೆ ಕೂರುವ, ಸದ್ದು ತಗ್ಗಿಸುವ ತಂಗಿಯ ಏರ್‌ಪಾಡ್ಸ್ ಪ್ರೋ ಹಾಕಿದಾಗ ಅದೇ ಹಾಡು 77ಕ್ಕೇ ಸಾಕಾಯಿತು. ಆಗ ಅವಕಾಶ 80 ಗಂಟೆ, ನನ್ನದು 9. ಇಂಥದ್ದು ಎಂಜಿನ್ನಿನ ಗುಯ್‌ಗುಡುವಿಕೆಯನ್ನು ಚೆನ್ನಾಗಿ ತಗ್ಗಿಸುತ್ತದೆ, ಪಕ್ಕದವರ ಮಾತನ್ನು ಅಷ್ಟಾಗಿ ಅಲ್ಲ. ರಸ್ತೆ ದಾಟುವಾಗ ಮಾತ್ರ ತೆಗೆದು ಜೇಬಿಗೆ ಹಾಕಲೇಬೇಕು.

ಅಷ್ಟು ದುಡ್ಡು ಹಾಕಲಾಗದೆ, ಗುಂಡಿ ಒತ್ತಿ ಫೋನಿನ ಗೆರೆ ಸರಿಯುವುದನ್ನು ಅಂಗಡಿಯಲ್ಲೇ ನೋಡಿಕೊಂಡು, ಕಡಿಮೆ ಬೆಲೆಯ ಒಂದನ್ನು ಕೊಂಡೆ. ಜೊತೆಗೆ ಬಂದ ಮೂರು ಅಳತೆಯ ರಬ್ಬರ್ ಟೋಪಿಗಳಲ್ಲಿ ದೊಡ್ಡದು ನನ್ನ ಕಿವಿಗೆ ಬಿಗಿಯಾಗಿ ಕೂತಿತು. ಸಡಿಲವಿದ್ದದ್ದರಲ್ಲಿ ಬಸ್ಸು ಹಾಗೇ ಕೇಳಿಸುತ್ತಿತ್ತು. ನನ್ನ ಫೋನಿನ Media volume limit ಈಗ ಅದರ ಅಳತೆಗೆ ಇದೆ. ಅಜ್ಜಿಯಂಥ ಕಡತಗಳು ಬಂದರೆ ತಂಗಿಯ ಹಳೆಯ ಐಫೋನಿಗೆ ಹಾಕಿಕೊಂಡು, 80ರ ಮಿತಿಯಲ್ಲಿ ಕೇಳುತ್ತೇನೆ. ರಾತ್ರಿಯ ಕುಂಯ್ ಸದ್ದು ಮೂರನೇ ವಾರಕ್ಕೆ ನಿಂತಿತು.