ಫಂಡ್ ಪ್ಲೆಡ್ಜ್ ಮಾಡಿ ಆಪ್ಷನ್ ಮಾರುವ ಮುನ್ನ ಇದನ್ನು ಓದಿ

ಕುಂಬಳೆಯಿಂದ ದಿನಾ ರೈಲಿನಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗುವ ನನ್ನ ಭಾವನಿಗೆ 2024ರ ಜೂನ್‌ನಲ್ಲಿ ಆದದ್ದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅದೇ ಉಪಾಯ ಈಗ ಊರಿನ ವಾಟ್ಸ್ಯಾಪ್ ಗುಂಪುಗಳಲ್ಲಿ ಮತ್ತೆ ಓಡಾಡುತ್ತಿದೆ. ಪರಿಚಯದವರು ನನ್ನನ್ನು ಕೇಳಿದ ಪ್ರಶ್ನೆಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

"ಉಳಿತಾಯ ಮುಟ್ಟುವುದಿಲ್ಲ ಮಾಷ್ಟ್ರೇ, ಫಂಡ್ ಪ್ಲೆಡ್ಜ್ ಇಡುವುದು ಮಾತ್ರ. ಅದರಲ್ಲಿ ಏನು ಅಪಾಯ?"

ಭಾವನಿಗೂ ಹೀಗೇ ಹೇಳಿದ್ದರು. ಮಗಳ ಓದಿಗೆಂದು ಎಸ್‌ಐಪಿಯಲ್ಲಿ ಸೇರಿಸಿದ ಮೂರೂವರೆ ಲಕ್ಷದ ಇಕ್ವಿಟಿ ಫಂಡ್ "ಸುಮ್ಮನೆ ಕೂತಿದೆ", ಅದನ್ನು ಬ್ರೋಕರ್ ಬಳಿ ಅಡವಿಟ್ಟರೆ ವ್ಯವಹಾರಕ್ಕೆ ಬೇಕಾದ ಭದ್ರತೆ, ಅಂದರೆ ಮಾರ್ಜಿನ್ ಸಿಗುತ್ತದೆ, ಆ ಮಾರ್ಜಿನ್ ಮೇಲೆ ವಾರವಾರ ನಿಫ್ಟಿ ಪುಟ್ ಮಾರಿ ಪ್ರೀಮಿಯಂ ಎಣಿಸಬಹುದು ಎಂದು. ಪುಟ್ ಮಾರುವುದೆಂದರೆ, ನಿಫ್ಟಿ ಸೂಚ್ಯಂಕ ಹೇಳಿದ ಮಟ್ಟಕ್ಕಿಂತ ಕೆಳಗೆ ಮುಗಿದರೆ ಆ ವ್ಯತ್ಯಾಸ ಕೊಡುತ್ತೇನೆಂದು ಒಪ್ಪಿ, ಅದಕ್ಕೆ ಪ್ರೀಮಿಯಂ ಎಂಬ ಹಣ ಮೊದಲೇ ಪಡೆಯುವುದು. ಕೆಲವು ವಾರ ಹಾಗೇ ನಡೆಯಿತು. ಅದೇ ದೊಡ್ಡ ತೊಂದರೆ, ನಂಬಿಕೆ ಕೂತುಬಿಡುತ್ತದೆ.

ಜೂನ್ 3, ಸೋಮವಾರ. ಎಕ್ಸಿಟ್ ಪೋಲ್ ನಂಬಿ ಪೇಟೆ ಹಾರಿತ್ತು, ನಿಫ್ಟಿ 23,264ಕ್ಕೆ ಮುಗಿಯಿತು. ಆ ಗುರುವಾರ, ಜೂನ್ 6ಕ್ಕೆ ಮುಗಿಯುವ 22,500ರ ಪುಟ್ ಅನ್ನು ಭಾವ ಸುಮಾರು 70 ರೂಪಾಯಿಗೆ ನಾಲ್ಕು ಲಾಟ್ ಮಾರಿದರು. ಆಗ ಒಂದು ಲಾಟ್ ಎಂದರೆ 25, ಒಟ್ಟು 100. ಕೈಗೆ ಬಂದದ್ದು 7,000 ರೂಪಾಯಿ. ನಿಫ್ಟಿ 750 ಅಂಶಕ್ಕಿಂತ ಹೆಚ್ಚು ಬಿದ್ದರಷ್ಟೇ ತೊಂದರೆ, ಮೂರು ದಿನದಲ್ಲಿ ಅಷ್ಟು ಎಲ್ಲಿ ಬೀಳುತ್ತದೆ ಎಂಬ ಲೆಕ್ಕ.

ಮರುದಿನ ಮತ ಎಣಿಕೆ. ನಿಫ್ಟಿ ಒಂದು ಹಂತದಲ್ಲಿ 21,300ರ ಕೆಳಗೂ ಇಳಿದು, 21,884ಕ್ಕೆ ಮುಗಿಯಿತು. 22,500ರ ಪುಟ್ ಮಾರಿದವರ ಬಾಕಿ ಆ ಮುಕ್ತಾಯದ ಬೆಲೆಯಲ್ಲೇ ಪುಟ್ ಒಂದಕ್ಕೆ 615 ರೂಪಾಯಿ, ಗಾಬರಿಯ ಬೆಲೆ ಬೇರೆ. ಭಾವನ ಫೋನಿಗೆ ಮಾರ್ಜಿನ್ ತುಂಬಿ ಎಂಬ ಸಂದೇಶ ಬಂದಾಗ ಅವರು ಆಫೀಸಿನಲ್ಲಿ ಬಿಲ್ಲುಗಳ ನಡುವೆ ಇದ್ದರು. ಹೊತ್ತಿಗೆ ಸರಿಯಾಗಿ ಹಣ ಹಾಕಲಾಗಲಿಲ್ಲ, ಬ್ರೋಕರ್ ತಾನೇ 850ರ ಆಸುಪಾಸಿನಲ್ಲಿ ವ್ಯವಹಾರ ಮುಗಿಸಿಬಿಟ್ಟ. ಮರಳಿ ಕೊಳ್ಳಲು 85,000, ಬಂದಿದ್ದ 7,000 ಕಳೆದರೆ 78,000 ನಷ್ಟ.

ಪ್ಲೆಡ್ಜ್ ಇಟ್ಟ ಫಂಡ್ ಮಾರ್ಜಿನ್‌ಗೆ ಆಗುತ್ತದೆ, ನಷ್ಟ ತುಂಬುವುದಕ್ಕೆ ಆಗುವುದಿಲ್ಲ. ಅದಕ್ಕೆ ನಗದೇ ಬೇಕು. ನಗದು ಕಟ್ಟದಿದ್ದರೆ ಅಡವಿಟ್ಟ ಯೂನಿಟ್‌ಗಳನ್ನು ಮಾರುವ ಹಕ್ಕು ಬ್ರೋಕರ್‌ಗಿದೆ, ಅದೂ ಪೇಟೆ ಬಿದ್ದ ಬೆಲೆಗೆ. ಮಗಳ ಫಂಡ್ ಉಳಿಸಲು ಅಕ್ಕನ ಬಳೆ ಸಾಲಕ್ಕೆ ಅಡವಾಗಿ ಸಹಕಾರಿ ಬ್ಯಾಂಕಿನ ಲಾಕರು ಸೇರಿತು. ಪೇಟೆ ಬಿದ್ದ ದಿನ ಅಡವಿನ ಫಂಡಿನ ಬೆಲೆಯೂ ಇಳಿಯುತ್ತದೆ, ಬೇಕಾದ ಮಾರ್ಜಿನ್ ಏರುತ್ತದೆ. ಎರಡೂ ಒಟ್ಟಿಗೇ ಎಂಬುದನ್ನು ಆ ಉಪಾಯ ಹೇಳಿಕೊಟ್ಟವರು ಬಾಯಿಬಿಟ್ಟಿರಲಿಲ್ಲ.

"ಕಾದಿದ್ದರೆ ನಷ್ಟ ಆಗುತ್ತಿರಲಿಲ್ಲವಂತೆ?"

ಹೌದು. ಜೂನ್ 5ಕ್ಕೆ ನಿಫ್ಟಿ 22,620, 6ಕ್ಕೆ 22,821. ಆ ಪುಟ್ ಸೊನ್ನೆಗೆ ಮುಗಿಯಿತು, 7,000 ಪೂರ್ತಿ ಉಳಿಯುತ್ತಿತ್ತು. ಭಾವ ಈಗಲೂ ಇದನ್ನೇ ಹೇಳಿ ಹೊಟ್ಟೆ ಉರಿಸಿಕೊಳ್ಳುತ್ತಾರೆ. ಆದರೆ ಗುರುವಾರದವರೆಗೆ ಕಾಯಲು ಮಂಗಳವಾರ ಮಧ್ಯಾಹ್ನವೇ ಕೈಯಲ್ಲಿ ಹಣ ಇರಬೇಕಿತ್ತು. ತಿಂಗಳ ಸಂಬಳದ ಮನೆಯಲ್ಲಿ ಅಷ್ಟು ಹಣ ಸುಮ್ಮನೆ ಬಿದ್ದಿರುತ್ತದೆಯೇ? ಇದ್ದರೂ ಅದು ಆಸ್ಪತ್ರೆಗೆ, ಮಳೆಗಾಲದ ಮಾಡಿನ ಕೆಲಸಕ್ಕೆ ಇಟ್ಟದ್ದು.

"ಹಾಗಾದರೆ ಮಾರುವುದು ಬೇಡ. ಉಳಿತಾಯದ ನೂರಕ್ಕೆ ಐದರಷ್ಟು ಇಟ್ಟು ಪುಟ್ ಕೊಂಡರೆ, ಫಂಡಿಗೆ ವಿಮೆ ಆಗುವುದಿಲ್ಲವೇ?"

ಕೊಂಡವರ ನಷ್ಟ ಕೊಟ್ಟ ಪ್ರೀಮಿಯಂಗೆ ನಿಲ್ಲುತ್ತದೆ, ಅಷ್ಟು ನಿಜ. ಆದರೆ 2024ರ ನವೆಂಬರ್‌ನಿಂದ ಹೊಸ ಸೂಚ್ಯಂಕ ಕಾಂಟ್ರಾಕ್ಟಿನ ಕನಿಷ್ಠ ಮೌಲ್ಯ 15 ಲಕ್ಷ. ಆರೇಳು ಲಕ್ಷದ ಫಂಡ್ ಇರುವ ಮನೆಗೆ ಅದರಲ್ಲಿ ಅರ್ಧ ಲಾಟ್ ಕೊಡುವವರಿಲ್ಲ. ಫಂಡಿನ ಎರಡು ಪಟ್ಟಿಗೆ ವಿಮೆ ಕೊಂಡು, ಅವಧಿ ಮುಗಿದಾಗಲೆಲ್ಲ ಮತ್ತೆ ಪ್ರೀಮಿಯಂ ಕಟ್ಟುತ್ತಿರಬೇಕು. ಹದಿನೈದು ವರ್ಷದ ಎಸ್‌ಐಪಿಗೆ ನಡುವೆ ಬೀಳುವ ವರ್ಷಗಳು ಅಗ್ಗಕ್ಕೆ ಯೂನಿಟ್ ಸಿಗುವ ವರ್ಷಗಳೇ. ಅದಕ್ಕೆ ವಿಮೆ ಯಾಕೆ? ನನ್ನ ಪ್ರಕಾರ ಇಲ್ಲಿ ಸರಿಯಾದ ಪಾಲು ಸೊನ್ನೆ. 2024-25ರಲ್ಲಿ ಫ್ಯೂಚರ್ಸ್ ಆಂಡ್ ಆಪ್ಷನ್ಸ್, ಅಂದರೆ ಎಫ್ ಆಂಡ್ ಒನಲ್ಲಿ ವ್ಯವಹರಿಸಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ. 91 ಮಂದಿ ನಷ್ಟ ಮಾಡಿಕೊಂಡರೆಂದು ಸೆಬಿಯ ಅಧ್ಯಯನವೇ ಹೇಳಿದೆ.

"ನಷ್ಟವನ್ನು ಟ್ಯಾಕ್ಸಲ್ಲಿ ಕಳೆಯಬಹುದಲ್ಲ?"

ಸಂಬಳದಲ್ಲಿ ಕಳೆಯಲಾಗದು. ಆಪ್ಷನ್ ವ್ಯವಹಾರವನ್ನು ವ್ಯಾಪಾರದ ಆದಾಯವೆಂದು ಎಣಿಸುತ್ತಾರೆ. ಭಾವ ಸಲೀಸಾಗಿ ಐಟಿಆರ್-1 ಹಾಕುತ್ತಿದ್ದವರು, ಆ ವರ್ಷ ಐಟಿಆರ್-3ಗಾಗಿ ಸಿಎ ಹತ್ತಿರ ಹೋಗಿ ಫೀಸು ಕೊಟ್ಟರು.

ಈಗಾಗಲೇ ಯಾರೋ ಹೇಳಿದರೆಂದು ಪ್ಲೆಡ್ಜ್ ಮಾಡಿದ್ದರೆ, ಇಮೇಲಿಗೆ ಬರುವ ಡಿಮ್ಯಾಟ್ ಸ್ಟೇಟ್‌ಮೆಂಟಿನಲ್ಲಿ ಪ್ಲೆಡ್ಜ್ ಆದ ಯೂನಿಟ್‌ಗಳ ಲೆಕ್ಕ ಬೇರೆಯಾಗಿ ಕಾಣುತ್ತದೆ, ನೋಡಿಕೊಳ್ಳಿ. ಮಾರಿದ ಪುಟ್ ಬಾಕಿ ಇದ್ದರೆ ಮೊದಲು ಅದನ್ನು ಮರಳಿ ಕೊಂಡು ಮುಗಿಸಿ, ಆಮೇಲೆ ಬ್ರೋಕರ್ ಆ್ಯಪ್‌ನಲ್ಲಿ ಅನ್‌ಪ್ಲೆಡ್ಜ್ ಕೋರಿಕೆ ಹಾಕಿ. ಭಾವ ಅದನ್ನು ಮಾಡಿ, ಎಫ್ ಆಂಡ್ ಒ ವಿಭಾಗವನ್ನೂ ಖಾತೆಯಿಂದ ತೆಗೆಸಿದರು.