ಭಾರ ಇದೆ, ತಣ್ಣಗಿದೆ ಅಂತ ಮುತ್ತಿನ ಸರ ಕೊಳ್ಳಬೇಡಿ

ಹೈದರಾಬಾದಿನಲ್ಲಿ ಚಾರ್‌ಮಿನಾರ್ ಸುತ್ತಮುತ್ತ ಮುತ್ತು ಕೊಳ್ಳುವವರು ದಯವಿಟ್ಟು ಗಮನಿಸಿ. ಮಗಳ ಮದುವೆಗೆಂದು ಒಬ್ಬರು ಅಲ್ಲಿ ಕೊಂಡ ಸರ ಪರೀಕ್ಷೆಗೆ ಬಂದಿತ್ತು. 8 ಮಿಲಿಮೀಟರಿನ 50 ಮಣಿ, ಎಲ್ಲವೂ ಒಂದೇ ಬಿಳುಪು, ಒಂದೇ ದುಂಡು. "ಕೈಯಲ್ಲಿ ಹಿಡಿದು ನೋಡಿ ಅಮ್ಮಾ, ಎಷ್ಟು ಭಾರ, ಎಷ್ಟು ತಂಪು" ಎಂದು ಹೇಳಿ ಮಾರಿದ್ದರಂತೆ. ತೂಗಿದರೆ ಸುಮಾರು 35 ಗ್ರಾಂ ಬಂತು. ಆ ಅಳತೆಯ ಅಸಲಿ ಮುತ್ತಿನ ಸರವೂ ಅಷ್ಟೇ ತೂಗುತ್ತದೆ. ಆದರೂ ಅದು ನಕಲಿ.

ತೂಕದಿಂದ ಸಿಕ್ಕಿಬೀಳುವುದು ಪ್ಲಾಸ್ಟಿಕ್ ಒಂದೇ. ಅದರ ಸರ ಇದೇ ಅಳತೆಗೆ 15 ಗ್ರಾಂ ಆಸುಪಾಸು ತೂಗುತ್ತದೆ, ಮುಟ್ಟಿದರೆ ತಂಪೂ ಅನ್ನಿಸದು. ಗಾಜಿನ ಮಣಿ ತೂಕದಲ್ಲಿ ಮುತ್ತಿಗೆ ತೀರಾ ಹತ್ತಿರ. ಚಿಪ್ಪಿನ ಮಣಿಯಂತೂ ಸರಿಸಮ, ಯಾಕೆಂದರೆ ಸಮುದ್ರದಲ್ಲಿ ಬೆಳೆಸುವ ದುಂಡು ಮುತ್ತಿನ ಒಳಗೆ ಇಡುವುದೂ ದಪ್ಪ ಚಿಪ್ಪನ್ನು ಕಡೆದು ಮಾಡಿದ ಗುಂಡನ್ನೇ. ಅಸಲಿಯಲ್ಲಿ ಆ ಗುಂಡಿನ ಮೇಲೆ ಸಿಂಪಿಯ ಜೀವಿ ಪದರ ಪದರವಾಗಿ ಮುತ್ತು ಕಟ್ಟಿರುತ್ತದೆ. ನಕಲಿಯಲ್ಲಿ ಬಣ್ಣದ ಲೇಪ ಹಚ್ಚಿರುತ್ತಾರೆ, ಅಷ್ಟೇ.

ಹಾಗಾಗಿ ಮೊದಲು ತೂತು ನೋಡಿ. ದಾರದ ಮೇಲೆ ಎರಡು ಮಣಿ ಸ್ವಲ್ಪ ಸರಿಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿಯಿರಿ. ಅಸಲಿ ಮುತ್ತಿನ ತೂತು ಸಣ್ಣದು, ಅಂಚು ಚೂಪಾಗಿ ಕತ್ತರಿಸಿದಂತಿರುತ್ತದೆ. ಒಳಗಿನ ಗುಂಡಿಗೂ ಹೊರಪದರಕ್ಕೂ ನಡುವೆ ಕೆಲವೊಮ್ಮೆ ಕಂದು ಗೆರೆ ಕಾಣುತ್ತದೆ. ಸಿಹಿನೀರಿನ ಮುತ್ತಿನಲ್ಲಿ ಸಾಮಾನ್ಯವಾಗಿ ಗುಂಡೇ ಇರುವುದಿಲ್ಲ, ಗೆರೆ ಇಲ್ಲವೆಂದು ಅದನ್ನು ನಕಲಿ ಅನ್ನಬೇಡಿ. ಲೇಪ ಹಚ್ಚಿದ ಮಣಿಯಲ್ಲಿ ಬಣ್ಣ ತೂತಿನ ಬಾಯಲ್ಲಿ ತುಟಿಯಂತೆ ಉಬ್ಬಿರುತ್ತದೆ, ಇಲ್ಲವೇ ಎದ್ದು ಚಕ್ಕೆಯಾಗಿರುತ್ತದೆ. ಚಕ್ಕೆಯ ಕೆಳಗೆ ಗಾಜಿನ ಮಿನುಗು ಕಂಡರೆ ಗಾಜು, ಮಂಕು ಬಿಳುಪು ಕಂಡರೆ ಚಿಪ್ಪು. ಅಚ್ಚಿನ ಗೆರೆ ಕಂಡರೆ ಬಹುಮಟ್ಟಿಗೆ ಪ್ಲಾಸ್ಟಿಕ್. ಮದುವೆಯ ಸರದಲ್ಲಿ ದಾರದ ಗಂಟು ಉಜ್ಜಿದ ಕಡೆಯಲ್ಲೆಲ್ಲ ಲೇಪ ಎದ್ದಿತ್ತು.

ಆಮೇಲೆ ಎರಡು ಮಣಿಗಳನ್ನು ಒಂದಕ್ಕೊಂದು ಮೆಲ್ಲಗೆ ಉಜ್ಜಿ. ಮುತ್ತಿನ ಮೈ ನುಣುಪಾಗಿ ಕಂಡರೂ ಸೂಕ್ಷ್ಮ ಹರಳುಗಳ ಜೋಡಣೆ, ಆದ್ದರಿಂದ ಸಣ್ಣ ಮರಳಿನ ತರಿ ಸಿಗುತ್ತದೆ. ಗಾಜು, ಪ್ಲಾಸ್ಟಿಕ್ ಜಾರುತ್ತವೆ. ಆದರೆ ತರಿ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬೇಡಿ, ಕೆಲವು ಲೇಪಗಳೂ ತರಿತರಿಯಾಗಿರುತ್ತವೆ. ಲೈಟರ್ ಹಿಡಿದು ತೋರಿಸಿದರೆ ಬೇಡ ಅನ್ನಿ. ಬಿಸಿಗೆ ಅಸಲಿ ಮುತ್ತೇ ಹಾಳಾಗುತ್ತದೆ, ಸುಟ್ಟು ತೋರಿಸಿದ ಬಿಡಿ ಮಣಿ ನೀವು ಕೊಳ್ಳುವ ಸರದ್ದೇ ಅನ್ನುವ ಖಾತ್ರಿಯೂ ಇಲ್ಲ.

ಹಣ ಕೊಡುವ ಮುಂಚೆ ಬಿಲ್ ಓದಿ. "ಕಲ್ಚರ್ಡ್ ಮುತ್ತು", ಅಂದರೆ ಸಿಂಪಿಯಲ್ಲಿ ಬೆಳೆಸಿದ ಅಸಲಿ ಮುತ್ತು, ಎಂದೇ ಬರೆಸಿಕೊಳ್ಳಿ. ಮದುವೆಯ ಸರದ ಬಿಲ್ಲಿನಲ್ಲಿ "ಶೆಲ್ ಪರ್ಲ್", ಅಂದರೆ ಲೇಪ ಹಚ್ಚಿದ ಚಿಪ್ಪಿನ ಮಣಿ, ಎಂದಿತ್ತು, ಅದನ್ನೇ ತೋರಿಸಿ ಅಂಗಡಿಯವರು ಹಣ ವಾಪಸ್ ಕೊಡಲಿಲ್ಲ.